ರೆಸ್ಯೂಮ್‌ನಲ್ಲಿ "12 ಸೆಕೆಂಡ್‌ನಿಂದ 200 ಮಿಲಿಸೆಕೆಂಡ್‌ಗೆ ಇಳಿಸಿದೆ" ಅಂತ ಇದೆ. ಹುಡುಗನಿಗೆ ಬೇಜಾರಾಗದಂತೆ ತಿಳಿದುಕೊಳ್ಳೋದು ಹೇಗೆ?

ಕುಶಾಲನಗರದವ

ನಮ್ಮದು ಕುಶಾಲನಗರದಲ್ಲಿ ಸಣ್ಣ ಸಾಫ್ಟ್‌ವೇರ್ ಆಫೀಸ್. ಕಾಫಿ ತೋಟಗಳಿಗೆ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ ಲೆಕ್ಕ ಹಾಕುವ ಪ್ರೋಗ್ರಾಂ ಮಾಡಿಕೊಡುತ್ತೇವೆ. ರೋಬಸ್ಟಾ ಕೊಯ್ಲು ಜೋರಾದಾಗ ಬಟವಾಡೆ ರಿಪೋರ್ಟ್ ತುಂಬಾ ನಿಧಾನ ಆಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್‌ಗಳು ಫೋನ್ ಮಾಡಿ ಬೈಯುತ್ತಾರೆ. ಅದಕ್ಕೇ ಡೇಟಾಬೇಸ್ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಹುಡುಕುತ್ತಿದ್ದೇವೆ.

ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬರಬೇಕು ಅಂತಿರುವ ಹುಡುಗನೊಬ್ಬನ ರೆಸ್ಯೂಮ್ ಬಂದಿದೆ. ಅದರಲ್ಲಿ ಒಂದು ಸಾಲು: 4 ಕೋಟಿ ಸಾಲುಗಳಿದ್ದ ಪೋಸ್ಟ್‌ಗ್ರೆಸ್ ಟೇಬಲ್, ರಿಪೋರ್ಟ್ 12 ಸೆಕೆಂಡ್ ತಗೊಳ್ಳುತ್ತಿತ್ತು, ನಾನು 200 ಮಿಲಿಸೆಕೆಂಡ್‌ಗೆ ತಂದೆ. ಫೋನ್‌ನಲ್ಲಿ ಕೇಳಿದಾಗ "ಇಂಡೆಕ್ಸ್ ಹಾಕಿದೆ ಸಾರ್" ಅಂದ, ಅಷ್ಟೇ. ನನಗೆ ಸ್ವಲ್ಪ ಅನುಮಾನ.

ಆದರೆ ಆ ಹುಡುಗನ ಚಿಕ್ಕಪ್ಪ ನಮ್ಮ ಗಿರಾಕಿ. ಇಲ್ಲಿ ಯಾರ ಮದುವೆಗೆ ಹೋದರೂ ಇವರೆಲ್ಲ ಎದುರಿಗೆ ಸಿಗುತ್ತಾರೆ. "ಇದು ನಿಜಾನಾ?" ಅಂತ ಮುಖಕ್ಕೆ ಹೊಡೆದ ಹಾಗೆ ಕೇಳೋಕೆ ಆಗಲ್ಲ, ಕೇಳಲೂಬಾರದು. ನೇರ ಇಂಟರ್‌ವ್ಯೂ ಬರುವ ವಾರ. ಏನು ಕೇಳಲಿ?

---

ಗೋಣಿಕೊಪ್ಪ ಕೋಡರ್

ಸುಲಭ ಇದೆ. ಈ ಕ್ವೆರಿ ತೋರಿಸಿ. ಟೇಬಲ್‌ನಲ್ಲಿ `(estate_id, weighed_at)` ಮೇಲೆ ಇಂಡೆಕ್ಸ್ ಇದೆ ಅಂತ ಹೇಳಿ. ಇಂಡೆಕ್ಸ್ ಕೆಲಸ ಮಾಡುತ್ತಾ ಅಂತ ಕೇಳಿ.

```sql
SELECT worker_id, sum(kg)
FROM picking
WHERE estate_id = 7
  AND date(weighed_at) = '2024-01-15'
GROUP BY worker_id;
```

`weighed_at`ಗೆ `date()` ಸುತ್ತಿರೋದರಿಂದ ಇಂಡೆಕ್ಸ್ ಬಳಕೆ ಆಗಲ್ಲ. ಗೊತ್ತಿದ್ದವನು ತಕ್ಷಣ ಹೇಳುತ್ತಾನೆ. ಹೇಳದಿದ್ದರೆ ಅವನು ಮಾಡಿಲ್ಲ ಅಂತಾಯ್ತು.

---

ಮಡಿಕೇರಿ ಡಿಬಿಎ

ಕ್ವೆರಿ ಒಳ್ಳೆಯದೇ, ಆದರೆ ಉತ್ತರ ಅರ್ಧ ಮಾತ್ರ ಸರಿ. ಇಂಡೆಕ್ಸ್‌ನ ಮೊದಲ ಕಾಲಂ `estate_id`. ಅದಕ್ಕೆ ಏನೂ ಸುತ್ತಿಲ್ಲ. ಹಾಗಾಗಿ ಆ ತೋಟದ ಸಾಲುಗಳನ್ನು ಹುಡುಕೋಕೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಬಳಸಬಹುದು. ಆದರೆ ದಿನಾಂಕದಿಂದ ಹುಡುಕಾಟವನ್ನು ಇನ್ನಷ್ಟು ಕಿರಿದು ಮಾಡೋಕೆ ಆಗಲ್ಲ. ಆ ತೋಟದ ಎಲ್ಲ ವರ್ಷದ ಸಾಲುಗಳನ್ನೂ ಒಂದೊಂದಾಗಿ ನೋಡಿ ಬೇಡದ್ದನ್ನು ಬಿಡಬೇಕಾಗುತ್ತದೆ. ಹೀಗೆ ಬರೆದರೆ ಎರಡೂ ಕಾಲಂ ಕೆಲಸಕ್ಕೆ ಬರುತ್ತವೆ:

```sql
AND weighed_at >= '2024-01-15'
AND weighed_at <  '2024-01-16'
```

ಈಗ ನೋಡಿ. ನಿಮ್ಮ ಹುಡುಗ ಬಂದು "ಸ್ವಲ್ಪ ಬಳಕೆ ಆಗುತ್ತೆ, ಪೂರ್ತಿ ಅಲ್ಲ" ಅಂತ ಹೇಳಿದ್ದರೆ ನೀವು ಅವನನ್ನು ತಪ್ಪು ಅಂತ ಕಳಿಸಿಬಿಡುತ್ತಿದ್ದಿರಿ. ಒಂದೇ ಉತ್ತರ ಇಟ್ಟುಕೊಂಡು ಕೇಳುವ ಪ್ರಶ್ನೆಯಲ್ಲಿ ಈ ಅಪಾಯ ಇದೆ. ಅಲ್ಲದೆ ಇದು ಅವನಿಗೆ ಪೋಸ್ಟ್‌ಗ್ರೆಸ್ ಬರುತ್ತಾ ಅಂತ ಹೇಳುತ್ತದೆ, ಆ 12 ಸೆಕೆಂಡ್ ಕೆಲಸ ಅವನು ಮಾಡಿದ್ದಾ ಅಂತ ಹೇಳಲ್ಲ. ಎರಡೂ ಬೇರೆ ಬೇರೆ.

ಕುಶಾಲನಗರದವರಿಗೆ: ನಾನಾಗಿದ್ದರೆ ಆ ಸಂಖ್ಯೆಯಿಂದಲೇ ಶುರು ಮಾಡುತ್ತೇನೆ, ಹುಡುಗನಿಂದ ಅಲ್ಲ. ಯಾಕೆ ಅಂದರೆ ಆ ಸಂಖ್ಯೆ ಸುಳ್ಳಲ್ಲದೆಯೂ ತಪ್ಪಾಗಿರಬಹುದು. ಒಂದು ರಿಪೋರ್ಟ್ ಮೊದಲ ಸಲ ಓಡಿಸಿದಾಗ ಡೇಟಾ ಡಿಸ್ಕ್‌ನಿಂದ ಬರಬೇಕು. ಅದನ್ನೇ ತಕ್ಷಣ ಮತ್ತೆ ಓಡಿಸಿದರೆ ಮೆಮೊರಿಯಲ್ಲಿ ಇರುತ್ತದೆ, ಎಷ್ಟೋ ಪಟ್ಟು ಬೇಗ ಬರುತ್ತದೆ. ಇಂಡೆಕ್ಸ್ ಹಾಕುವ ಮೊದಲಿನ ಅಳತೆ ಮೊದಲ ಓಟದ್ದು, ಆಮೇಲಿನದ್ದು ಮೂರನೇ ಓಟದ್ದು ಅಂತಿಟ್ಟುಕೊಳ್ಳಿ. ಇಂಡೆಕ್ಸ್ ಮಾಡಿದ್ದು ಸ್ವಲ್ಪವೇ ಆದರೂ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ. ಹುಡುಗ ಪ್ರಾಮಾಣಿಕವಾಗಿಯೇ ಬರೆದಿರುತ್ತಾನೆ.

ಅದಕ್ಕೆ ಮೊದಲ ಪ್ರಶ್ನೆ: "ಆ 12 ಸೆಕೆಂಡ್ ಎಲ್ಲಿ ಅಳೆದಿದ್ದು? ಬ್ರೌಸರ್‌ನಲ್ಲಾ, ಡೇಟಾಬೇಸ್‌ನಲ್ಲಾ? ಒಂದು ಸಲವಾ, ಬೇರೆ ಬೇರೆ ಹೊತ್ತಿನಲ್ಲಾ?" ಇದರಲ್ಲಿ ಯಾರನ್ನೂ ಶಂಕಿಸಿದ ಹಾಗೆ ಇಲ್ಲ. ಕೆಲಸ ಮಾಡಿದವರಿಗೆ ಇದು ಮಾತಾಡೋಕೆ ಇಷ್ಟವಾಗುವ ವಿಷಯ.

ಎರಡನೆಯದು ಇನ್ನೂ ಮುಖ್ಯ: "ಆ ರಿಪೋರ್ಟ್‌ಗೆ 4 ಕೋಟಿಯಲ್ಲಿ ಎಷ್ಟು ಸಾಲು ಬೇಕಾಗಿತ್ತು?" ಒಬ್ಬ ಗಿರಾಕಿಯ ಒಂದು ತಿಂಗಳು, ಮೂರು ನಾಲ್ಕು ಸಾವಿರ ಸಾಲು ಅಂದರೆ, ಸರಿಯಾದ ಇಂಡೆಕ್ಸ್‌ನಿಂದ 200 ಮಿಲಿಸೆಕೆಂಡ್‌ಗಿಂತಲೂ ಕಡಿಮೆ ಬರಬಹುದು. ನಂಬಬಹುದಾದ ಮಾತು. ಆದರೆ ಇಡೀ ವರ್ಷದ, ಎಲ್ಲ ಗಿರಾಕಿಗಳ ಮೊತ್ತ ಅಂದರೆ ಕೋಟಿ ಸಾಲು ಕೂಡಬೇಕು. ಅಲ್ಲಿ ಬರೀ ಇಂಡೆಕ್ಸ್ ಹಾಕಿದರೆ ಅಷ್ಟು ಬೇಗ ಬರಲ್ಲ. ಟೇಬಲ್‌ನ ದೊಡ್ಡ ಭಾಗ ಬೇಕು ಅಂತ ಕಂಡರೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದುತ್ತದೆ, ಅದೇ ಅಗ್ಗ. ಹಾಗಿದ್ದೂ 200 ಬಂದಿದ್ದರೆ ದಿನದ ಮೊತ್ತವನ್ನು ಮೊದಲೇ ಬೇರೆ ಟೇಬಲ್‌ನಲ್ಲಿ ಕೂಡಿಟ್ಟಿರಬೇಕು.

"ಇಂಡೆಕ್ಸ್ ಹಾಕಿದೆ", "ಇಡೀ ವರ್ಷದ ಮೊತ್ತ" ಎರಡೂ ಒಟ್ಟಿಗೆ ಬಂದರೆ ಲೆಕ್ಕ ಕೂಡಲ್ಲ. ಆಗಲೂ ಹಿಡಿದೆ ಅಂತ ಮುಖ ಮಾಡಬೇಡಿ. "ಇಲ್ಲಿ ನನಗೆ ಸ್ವಲ್ಪ ಬಿಡಿಸಿ ಹೇಳಿ, ಅಷ್ಟು ಸಾಲು ಕೂಡಬೇಕಾದರೆ ಇಂಡೆಕ್ಸ್ ಇದ್ದರೂ ಎಲ್ಲವನ್ನೂ ಓದಲೇಬೇಕಲ್ವಾ? ಅಲ್ಲಿ ಏನು ಮಾಡಿದಿರಿ?" ಅಂತ ಕೇಳಿ. ಮಾಡಿದವನಿಗೆ ಮರೆತದ್ದು ನೆನಪಾಗುತ್ತದೆ. ಮಾಡದವನಿಗೆ "ಆ ಭಾಗ ಬೇರೆಯವರು ನೋಡಿಕೊಂಡರು" ಅನ್ನೋಕೆ ಜಾಗ ಸಿಗುತ್ತದೆ.

---

ಸೋಮವಾರಪೇಟೆ ಕಾಫಿ

ನಾನು ಕಂಪ್ಯೂಟರ್‌ನವನಲ್ಲ, ಕ್ಯೂರಿಂಗ್ ಕಡೆಯವನು. ಆದರೆ ಸುಳ್ಳು ಹಿಡಿಯೋದು ಎಲ್ಲ ಕಡೆ ಒಂದೇ. ಕಾಫಿ ರುಚಿ ನೋಡಿ ಗುಣ ಹೇಳುವ ಕಪ್ಪಿಂಗ್ ಬರುತ್ತೆ ಅಂತ ಒಬ್ಬ ಬಂದಿದ್ದ. ನಾನು ಬೇಕಂತಲೇ ತಪ್ಪು ಹೇಳಿದೆ. "ನೀರು ಹಾಕಿ ಹದಿನೈದು ನಿಮಿಷ ಬಿಟ್ಟು ಮೇಲಿನ ಪದರ ಒಡೀತೀರಲ್ವಾ?" ಅಂದೆ. "ಹೌದು ಸಾರ್" ಅಂದ. ಅಲ್ಲಿಗೆ ಮುಗೀತು. ನಾಲ್ಕು ನಿಮಿಷಕ್ಕೆ ಒಡೀಬೇಕು ಅಂತ ಕಪ್ಪಿಂಗ್ ಮಾಡಿದ ಯಾರಿಗಾದರೂ ಗೊತ್ತಿರುತ್ತದೆ. ನೀವೂ ಇಲ್ಲದೇ ಇರೋ ಒಂದು ಸಾಫ್ಟ್‌ವೇರ್ ಹೆಸರು ಹೇಳಿ "ಗೊತ್ತಾ" ಅಂತ ಕೇಳಿ ನೋಡಿ.

---

ಮಡಿಕೇರಿ ಡಿಬಿಎ

ಅಣ್ಣ, ಇದನ್ನು ಒಪ್ಪೋಕೆ ಆಗಲ್ಲ. ನಿಮ್ಮ ವಯಸ್ಸಿನವರು, ಕೆಲಸ ಕೊಡುವವರು, ಎದುರು ಕೂತು "ಅಲ್ವಾ?" ಅಂದರೆ ನಮ್ಮ ಹುಡುಗರು "ಹೌದು ಸಾರ್" ಅನ್ನುತ್ತಾರೆ. ದೊಡ್ಡವರ ಮಾತಿಗೆ ಎದುರಾಡಬಾರದು ಅಂತಲೇ ಬೆಳೆದವರು. ಆ ಹೌದು ಮರ್ಯಾದೆಯದ್ದಾ, ಗೊತ್ತಿಲ್ಲದ್ದಾ ಅಂತ ನೀವು ಬೇರೆ ಮಾಡಿದ್ದು ಹೇಗೆ?

"ನೀರು ಹಾಕಿದ ಮೇಲೆ ಏನೇನು ಮಾಡ್ತೀರಿ, ಹೇಳ್ತಾ ಹೋಗಿ" ಅಂದಿದ್ದರೆ ಸಾಕಿತ್ತು. ಮಾಡಿದವನು ಪದರ ಒಡೆಯುವಾಗ ಮೂಗು ಹತ್ತಿರ ಇಟ್ಟು ವಾಸನೆ ನೋಡೋದು, ಮೇಲಿನ ನೊರೆ ತೆಗೆಯೋದು, ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ಹೀರೋದು ತಾನಾಗೇ ಹೇಳುತ್ತಾನೆ. ನಿಮ್ಮ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಷ್ಟೇ ಉತ್ತರ.

---

ಸೋಮವಾರಪೇಟೆ ಕಾಫಿ

ಮರ್ಯಾದೆಗೆ ಹೌದು ಅನ್ನುವವನು ನನ್ನ ಹತ್ತಿರ ಇದ್ದರೆ ನಾಳೆ ಕೆಟ್ಟ ಲಾಟ್‌ಗೂ ಹೌದು ಅನ್ನುತ್ತಾನಲ್ಲಮ್ಮ. ನನಗೆ ಅದೂ ಬೇಡ. ಆದರೆ ಹೇಳ್ತಾ ಹೋಗಿ ಅನ್ನುವ ಪ್ರಶ್ನೆ ಚೆನ್ನಾಗಿದೆ, ಅದನ್ನು ಮುಂದಿನ ಸಲ ಕೇಳುತ್ತೇನೆ.

---

ನಾಪೋಕ್ಲು ಎಚ್‌ಆರ್

ಇಷ್ಟೆಲ್ಲ ಯಾಕೆ? ಹಳೆ ಕಂಪನಿಯ ರಿಲೀವಿಂಗ್ ಲೆಟರ್ ತಗೊಳ್ಳಿ. ಪಿಎಫ್ ಸರ್ವಿಸ್ ಹಿಸ್ಟರಿ ಅವನ ಲಾಗಿನ್‌ನಲ್ಲೇ ಇರುತ್ತದೆ, ತೋರಿಸು ಅನ್ನಿ. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಅಂತ ಗೊತ್ತಾಗುತ್ತದೆ. ಇಂಟರ್‌ವ್ಯೂನಲ್ಲಿ ಪತ್ತೇದಾರಿ ಮಾಡಬೇಕಾಗಿಲ್ಲ.

---

ಕುಶಾಲನಗರದವ

ಮೇಡಂ, ಅದು ಕೊನೆಯಲ್ಲಿ ಮಾಡೇ ಮಾಡುತ್ತೇವೆ. ಆದರೆ ಅವನು ಆ ಕಂಪನಿಯಲ್ಲಿ ಇದ್ದದ್ದರ ಬಗ್ಗೆ ನನಗೆ ಅನುಮಾನ ಇಲ್ಲ. ಆ ಕೆಲಸ ಅವನದ್ದಾ ಅನ್ನೋದು ಪ್ರಶ್ನೆ. ಅದನ್ನು ಪಿಎಫ್ ಹೇಳಲ್ಲ. ಹಳೆ ಕಂಪನಿಗೆ ಫೋನ್ ಮಾಡಿದರೂ ಹುದ್ದೆ, ತಾರೀಖು ಬಿಟ್ಟು ಹೆಚ್ಚಿನವರು ಏನೂ ಹೇಳಲ್ಲ.

---

ಕೆಲಸ ಹುಡುಕುತ್ತಿರುವೆ (ವಿರಾಜಪೇಟೆ)

ನಾನು ಮೇಜಿನ ಆ ಕಡೆ ಕೂತವಳು. ಒಂದು ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ "ಇದನ್ನೆಲ್ಲ ನೀವೇ ಮಾಡಿದ್ದಾ, ಟೀಮ್ ಮಾಡಿದ್ದಾ?" ಅಂತ ಬಂತು. ಧ್ವನಿ ಕೇಳಿಯೇ ನನಗೆ ಬಾಯಿ ಕಟ್ಟಿಹೋಯಿತು. ನಾನೇ ಬರೆದ ಕೋಡ್ ಬಗ್ಗೆಯೂ ಸರಿಯಾಗಿ ಹೇಳೋಕೆ ಆಗಲಿಲ್ಲ. ಅವರಿಗೆ ಅದು ಸುಳ್ಳಿನ ಗುರುತಾಗಿ ಕಂಡಿರಬೇಕು.

ಇನ್ನೊಂದು. ಇಂಗ್ಲಿಷ್‌ನಲ್ಲಿ ವಿವರಿಸು ಅಂದರೆ ನಾನು ಪುಸ್ತಕದ ವಾಕ್ಯ ಹೇಳುತ್ತೇನೆ, ಯಾಕೆಂದರೆ ನನಗೆ ಆ ವಾಕ್ಯಗಳೇ ಇಂಗ್ಲಿಷ್‌ನಲ್ಲಿ ಬರೋದು. ಕನ್ನಡದಲ್ಲಿ ಕೇಳಿದರೆ ಏನಾಯ್ತೋ ಅದನ್ನೇ ಹೇಳುತ್ತೇನೆ. ದಯವಿಟ್ಟು ಹುಡುಗನಿಗೆ ಯಾವ ಭಾಷೆಯಲ್ಲಿ ಬೇಕಾದರೂ ಹೇಳಿ ಅಂತ ಮೊದಲೇ ಹೇಳಿಬಿಡಿ.

ಒಂದು ಅನುಮಾನ ಕೂಡ. ನಾನು ರೆಸ್ಯೂಮ್‌ನಲ್ಲಿ "ಪೇಮೆಂಟ್ ಮಾಡ್ಯೂಲ್ ಮಾಡಿದೆ" ಅಂತ ಬರೆದಿದ್ದೇನೆ. ನಾವು ಮೂವರು ಇದ್ದೆವು. ಇದು ತಪ್ಪಾ?

---

ಮಡಿಕೇರಿ ಡಿಬಿಎ

ವಿರಾಜಪೇಟೆಯವರ ಮಾತು ನೂರಕ್ಕೆ ನೂರು ಸರಿ. ನಿಧಾನವಾಗಿ ಉತ್ತರ ಕೊಡೋದು, ತಡವರಿಸೋದು, ಕಣ್ಣು ತಪ್ಪಿಸೋದು ಇದ್ಯಾವುದನ್ನೂ ಲೆಕ್ಕಕ್ಕೆ ತಗೊಳ್ಳಬೇಡಿ. ವಿಡಿಯೋ ಕಾಲ್ ಆದರಂತೂ ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ಗೊತ್ತಲ್ವಾ. ತಡ ಯಾರದ್ದು ಅಂತಲೇ ಗೊತ್ತಾಗಲ್ಲ. ಉತ್ತರದಲ್ಲಿ ಏನಿದೆ ಅಷ್ಟೇ ನೋಡಿ.

ಏನಿರುತ್ತದೆ ಅಂದರೆ, ಕೆಲಸ ಮಾಡಿದವರಿಗೆ ಸಂಖ್ಯೆ ಮರೆತುಹೋಗುತ್ತದೆ, ತೊಂದರೆ ಮರೆಯಲ್ಲ. ನಡೆಯುತ್ತಿರುವ ಸಿಸ್ಟಂನಲ್ಲಿ ದೊಡ್ಡ ಟೇಬಲ್‌ಗೆ ಸುಮ್ನೆ `CREATE INDEX` ಕೊಟ್ಟರೆ ಅದು ಮುಗಿಯುವವರೆಗೆ ಆ ಟೇಬಲ್‌ಗೆ ಹೊಸ ಸಾಲು ಬರೆಯೋಕೆ ಆಗಲ್ಲ. ಓದಬಹುದು, ಬರೆಯೋಕೆ ಬಿಡಲ್ಲ. 4 ಕೋಟಿ ಸಾಲಿಗೆ ಅದು ಸಾಕಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕೆ `CREATE INDEX CONCURRENTLY` ಅಂತ ಕೊಡುತ್ತಾರೆ. ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ, ಆದರೆ ಬರವಣಿಗೆ ನಿಲ್ಲಲ್ಲ. ಮಧ್ಯದಲ್ಲಿ ಕೆಟ್ಟರೆ `INVALID` ಅಂತ ಗುರುತಾದ ಅರೆಬರೆ ಇಂಡೆಕ್ಸ್ ಉಳಿದುಕೊಳ್ಳುತ್ತದೆ, ಅದನ್ನು ಕೈಯಾರೆ ತೆಗೆಯಬೇಕು.

ಇದನ್ನು "CONCURRENTLY ಗೊತ್ತಾ?" ಅಂತ ಕೇಳಿದರೆ ಓದಿಕೊಂಡು ಬಂದವನೂ ಹೇಳುತ್ತಾನೆ. "ಲೈವ್‌ನಲ್ಲಿ ಹಾಕಿದ ದಿನ ಹೇಗಿತ್ತು? ಯಾವ ಹೊತ್ತಿನಲ್ಲಿ ಹಾಕಿದಿರಿ?" ಅಂತ ಕೇಳಿ. ಅಲ್ಲಿದ್ದವನು ರಾತ್ರಿ ಹಾಕಿದೆವು, ಇಂಥದ್ದು ಸಿಕ್ಕಿಕೊಂಡಿತು, ಇಂಥವರು ಫೋನ್ ಮಾಡಿದರು ಅನ್ನುತ್ತಾನೆ. ಪಕ್ಕದಲ್ಲಿ ಕೂತು ನೋಡಿದವನೂ ಸ್ವಲ್ಪ ಹೇಳುತ್ತಾನೆ. ಬರೀ ಕೇಳಿದವನು ಇಂಡೆಕ್ಸ್ ಅಂದರೆ ಏನು ಅಂತ ವಿವರಿಸೋಕೆ ಶುರು ಮಾಡುತ್ತಾನೆ.

ಆಮೇಲೆ "ಇಂಡೆಕ್ಸ್ ಹಾಕಿದ ಮೇಲೆ ಏನಾದರೂ ನಿಧಾನ ಆಯ್ತಾ?" ಅಂತ ಒಂದು ಕೇಳಿ. ಪ್ರತಿ ಹೊಸ ಸಾಲಿಗೂ ಇಂಡೆಕ್ಸ್ ಕೂಡ ಬರೆಯಬೇಕು. ದಿನಕ್ಕೆ ಲಕ್ಷಗಟ್ಟಲೆ ಸಾಲು ಬರುವ ಕಡೆ ಅದು ಗೊತ್ತಾಗುತ್ತದೆ. "ನಾವು ಗಮನಿಸಲಿಲ್ಲ" ಅಂದರೂ ತಪ್ಪಲ್ಲ, ಅದು ನಿಜವಾದ ಉತ್ತರವೇ ಇರಬಹುದು.

ತಂಗಿ, ನಿನ್ನ ಸಾಲು ಸುಳ್ಳಲ್ಲ, ಆದರೆ ಓದುವವರು ನೀನೊಬ್ಬಳೇ ಅಂದುಕೊಳ್ಳುತ್ತಾರೆ. "ಮೂವರ ತಂಡದಲ್ಲಿ ರೀಫಂಡ್ ಭಾಗ ನನ್ನದು" ಅಂತ ಬರಿ, ಯಾವ ಭಾಗವೋ ಅದನ್ನು. ಆಗ ಪ್ರಶ್ನೆಗಳೂ ನಿನಗೆ ಗೊತ್ತಿರುವ ಕಡೆಯೇ ಬರುತ್ತವೆ.

---

ಗೋಣಿಕೊಪ್ಪ ಕೋಡರ್

ಇಂಡೆಕ್ಸ್ ಬಗ್ಗೆ ಹೇಳಿದ್ದು ಮನೆಯಲ್ಲಿ ಓಡಿಸಿ ನೋಡಿದೆ ಅಕ್ಕ. `EXPLAIN`ನಲ್ಲಿ `estate_id` ಇಂಡೆಕ್ಸ್ ಸಾಲಿನಲ್ಲಿ ಬಂತು, `date()` ಕೆಳಗೆ Filter ಅಂತ ಬಂತು. ಸರಿ ಇದೆ.

ಆದರೆ ಒಂದು ಮಾತು. ಈಗ ಕೋಚಿಂಗ್ ಕೊಡುವವರು "ಮೊದಲು ಹೀಗೆ ಮಾಡಿದೆ, ಕೆಟ್ಟುಹೋಯಿತು, ಆಮೇಲೆ ಹೀಗೆ" ಅನ್ನುವ ಕಥೆಯನ್ನೂ ಕಲಿಸಿ ಕಳಿಸುತ್ತಾರೆ. ನಾನು ಕೇಳಿದ್ದೇನೆ, ಬೇರೆ ಬೇರೆ ಹುಡುಗರ ಬಾಯಲ್ಲಿ ಒಂದೇ ಕಥೆ. ಆಗ?

---

ಮಡಿಕೇರಿ ಡಿಬಿಎ

ಹೌದು, ಅದು ಇದೆ. ಕಥೆಯಲ್ಲಿ ಒಂದು ಸಂಗತಿ ಬದಲಿಸಿ ಕೇಳೋದು ಸ್ವಲ್ಪ ಸಹಾಯ ಮಾಡುತ್ತದೆ. "ಅದೇ ಟೇಬಲ್‌ನಲ್ಲಿ ಗಿರಾಕಿ ಒಬ್ಬರೇ ಇದ್ದಿದ್ದರೆ ಅದೇ ಇಂಡೆಕ್ಸ್ ಹಾಕುತ್ತಿದ್ದಿರಾ?" ಒಬ್ಬರೇ ಗಿರಾಕಿ ಆದರೆ ಇಂಡೆಕ್ಸ್‌ನ ಮೊದಲ ಕಾಲಂನಲ್ಲಿ ಗಿರಾಕಿ ನಂಬರ್ ಇಟ್ಟು ಏನೂ ಲಾಭ ಇಲ್ಲ, ಎಲ್ಲ ಸಾಲಿನಲ್ಲೂ ಅದೇ ಇರುತ್ತದೆ. ಯೋಚಿಸಿ ಮಾಡಿದವನು ಯೋಚಿಸಿ ಹೇಳುತ್ತಾನೆ. ಆದರೆ ಚೆನ್ನಾಗಿ ಓದಿದವನೂ ಹೇಳಬಹುದು. ಅಲ್ಲಿಗೆ ನನಗೆ ಅವನು ಹಳೆ ಕೆಲಸ ಮಾಡಿದ್ದಾನೋ ಇಲ್ಲವೋ ಗೊತ್ತಾಗಲ್ಲ. ಈ ಕೆಲಸ ಮಾಡಬಲ್ಲ ಅಂತ ಮಾತ್ರ ಗೊತ್ತಾಗುತ್ತದೆ.

---

ಕುಶಾಲನಗರದವ

ಇಂಟರ್‌ವ್ಯೂ ಆಯ್ತು. ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದು ಹೇಳುತ್ತೇನೆ, ಯಾಕೆಂದರೆ ಇನ್ನೂ ತೀರ್ಮಾನ ಆಗಿಲ್ಲ.

ಮೊದಲೇ ಹೇಳಿದೆ: "ನಮಗೂ ಇದೇ ತೊಂದರೆ ಇದೆ, ಬಟವಾಡೆ ರಿಪೋರ್ಟ್ ನಿಧಾನ. ನೀವು ಮಾಡಿದ್ದರಿಂದ ನಾವು ಕಲಿಯೋದು ಇರಬಹುದು. ಕನ್ನಡದಲ್ಲೇ ಹೇಳಿ." ಹುಡುಗ ಸ್ವಲ್ಪ ಸಡಿಲ ಆದ.

12 ಸೆಕೆಂಡ್ ಎಲ್ಲಿ ಅಳೆದದ್ದು ಅಂತ ಕೇಳಿದೆ. ಬ್ರೌಸರ್‌ನಲ್ಲಿ ಅಂದ. ಯಾವಾಗ ಅಂದೆ. ಸ್ವಲ್ಪ ಯೋಚಿಸಿ, "ಸೋಮವಾರ ಬೆಳಿಗ್ಗೆ ಸಾರ್, ಗಿರಾಕಿ ಕಂಪ್ಲೇಂಟ್ ಕೊಟ್ಟಿದ್ದು ಅದೇ. ಬೇರೆ ದಿನ ನಾಲ್ಕೈದು ಸೆಕೆಂಡ್ ಇರುತ್ತಿತ್ತು" ಅಂದ. ಅಂದರೆ 12 ನಿಜ, ಆದರೆ ಅತಿ ಕೆಟ್ಟ ದಿನದ್ದು. 200 ಒಳ್ಳೆ ದಿನದ್ದು.

ಎಷ್ಟು ಸಾಲು ಬೇಕಿತ್ತು ಅಂದೆ. ಒಬ್ಬ ಗಿರಾಕಿಯ ಒಂದು ತಿಂಗಳು, ಕೆಲವು ಸಾವಿರ. ಹಾಗಾದರೆ ಇಂಡೆಕ್ಸ್‌ನಿಂದ ಆಗುವಂಥದ್ದೇ.

ಯಾವ ಕಾಲಂ ಮೇಲೆ ಹಾಕಿದಿರಿ ಅಂತ ಕೇಳಿದೆ. "ಮೊದಲು ದಿನಾಂಕದ ಮೇಲೆ ಮಾತ್ರ ಹಾಕಿ ನೋಡಿದೆ, ಟೆಸ್ಟ್ ಸರ್ವರ್‌ನಲ್ಲಿ. ಏನೂ ಆಗಲಿಲ್ಲ. ಒಂದು ತಿಂಗಳಿಗೆ ಎಲ್ಲ ಗಿರಾಕಿಗಳದ್ದೂ ಸೇರಿ ಲಕ್ಷಗಟ್ಟಲೆ ಸಾಲು ಬರುತ್ತಿತ್ತು." ಆಮೇಲೆ? ಇಲ್ಲಿ ನಿಂತ. ನಾನು "ಆ ಹಂತದಲ್ಲಿ ಯಾರ ಹತ್ತಿರ ಕೇಳಿದಿರಿ?" ಅಂದೆ. "ನಮ್ಮ ಸೀನಿಯರ್ ನೋಡಿ ಗಿರಾಕಿ ನಂಬರ್ ಮೊದಲು, ದಿನಾಂಕ ಆಮೇಲೆ ಅಂತ ಹಾಕಿದರು. ಯಾಕೆ ಅಂತ ನನಗೆ ಕೂರಿಸಿಕೊಂಡು ಹೇಳಿದರು. ಲೈವ್‌ನಲ್ಲಿ ಹಾಕಿದ್ದೂ ಅವರೇ. ಮೊದಲ ಸಲ ಹಗಲು ಹಾಕೋಕೆ ಹೋಗಿ ಎಂಟ್ರಿ ಎಲ್ಲ ನಿಂತುಹೋಗಿ ರದ್ದು ಮಾಡಿದರು, ಫೋನ್ ತಗೊಂಡಿದ್ದು ನಾನು" ಅಂದ.

ಹಾಗಾದರೆ ನಿಧಾನದ ಕ್ವೆರಿ ಯಾವುದು ಅಂತ ಕಂಡುಹಿಡಿದದ್ದು ಯಾರು ಅಂದೆ. ಅದು ಇವನೇ. ಲಾಗ್‌ನಲ್ಲಿ `log_min_duration_statement` ಹಾಕಿಸಿ ಹುಡುಕಿದ್ದು ಹೇಳಿದ. ತುಂಬಾ ವಿವರವಾಗಿ ಹೇಳಿದ, ನಾನು ಕೇಳದೇ ಇದ್ದದ್ದನ್ನೂ.

ನನ್ನ ಅಭಿಪ್ರಾಯ: ರೆಸ್ಯೂಮ್‌ನ ಸಾಲು ಅರ್ಧ ಇವನದ್ದು, ಅರ್ಧ ಸೀನಿಯರ್‌ದ್ದು. ಕೇಳಿದ ಕೂಡಲೇ ಬಿಡಿಸಿ ಹೇಳಿದ. ನನಗೆ ಇಷ್ಟವಾದ. ನನ್ನ ಪಾರ್ಟ್‌ನರ್ ಒಪ್ಪುತ್ತಿಲ್ಲ. "ನಾನು ತಂದೆ ಅಂತ ಬರೆದಿದ್ದಾನೆ, ತಂದದ್ದು ಬೇರೆಯವರು. ನೀನು ಕೇಳದಿದ್ದರೆ ಹೇಳುತ್ತಿದ್ದನಾ?" ಅನ್ನುತ್ತಾರೆ.

---

ನಾಪೋಕ್ಲು ಎಚ್‌ಆರ್

ನಿಮ್ಮ ಪಾರ್ಟ್‌ನರ್ ಹೇಳೋದು ಸರಿ ಅನಿಸುತ್ತದೆ ನನಗೆ. ಇವತ್ತು ರೆಸ್ಯೂಮ್‌ನಲ್ಲಿ ಬೇರೆಯವರ ಕೆಲಸ ತನ್ನದು ಅಂದವನು ನಾಳೆ ಗಿರಾಕಿ ಎದುರು ಏನು ಹೇಳುತ್ತಾನೆ? ಬಟವಾಡೆ ದುಡ್ಡಿನ ಲೆಕ್ಕ ಅದು. ಕೂಲಿಯವರ ಹೊಟ್ಟೆಪಾಡು.

---

ಮಡಿಕೇರಿ ಡಿಬಿಎ

ನಾನು ತಗೊಳ್ಳುತ್ತಿದ್ದೆ. ಕೇಳಿದ ಪ್ರಶ್ನೆಗೆ ಸೀನಿಯರ್ ಹೆಸರನ್ನು ಮುಂದೆ ಇಟ್ಟ. ಲೆಕ್ಕದಲ್ಲಿ ತಪ್ಪಾದಾಗ ಹೀಗೇ ಹೇಳುವವನೇ ಬೇಕು. ಆದರೆ ನಿಮಗೆ ಬೇಕಾಗಿರುವುದು ಒಬ್ಬನೇ ಕೂತು ಸರಿಮಾಡುವವನು, ಆ ಭಾಗ ಇವನದ್ದಲ್ಲ ಅಂತ ಅವನೇ ಹೇಳಿದ್ದಾನೆ. ಹಾಗಾಗಿ ನಿಮ್ಮ ನಿಧಾನದ ರಿಪೋರ್ಟನ್ನೇ ಎದುರಿಗಿಟ್ಟು ಜೊತೆಯಲ್ಲಿ ಕೂರಿ. ಒಂದೆರಡು ಗಂಟೆ ಸಾಕು. ಅವನು ಮೊದಲು ಏನು ನೋಡುತ್ತಾನೆ, ಸಿಕ್ಕಿಕೊಂಡಾಗ ಕೇಳುತ್ತಾನಾ ಅಂತ ನೋಡಿ.

---

ಕೆಲಸ ಹುಡುಕುತ್ತಿರುವೆ (ವಿರಾಜಪೇಟೆ)

ಆ ಒಂದೆರಡು ಗಂಟೆಗೆ ದುಡ್ಡು ಕೊಡಿ ಸಾರ್. ನಿಮ್ಮದೇ ರಿಪೋರ್ಟ್ ಸರಿಮಾಡಿಸಿಕೊಂಡು ಸುಮ್ನೆ ಕಳಿಸಿದರೆ ಅದೂ ಸರಿ ಅಲ್ಲ.

---

ಕುಶಾಲನಗರದವ

ಖಂಡಿತ ಕೊಡುತ್ತೇವೆ. ಪಾರ್ಟ್‌ನರ್ ಕೂಡ ಜೊತೆಯಲ್ಲಿ ಕೂರೋಕೆ ಒಪ್ಪಿದ್ದಾರೆ. ಡೇಟಾದಿಂದ ಕೂಲಿಯವರ ಹೆಸರು, ಬ್ಯಾಂಕ್ ನಂಬರ್ ತೆಗೆದು ಬೇರೆ ಕಾಪಿ ಮಾಡುತ್ತಿದ್ದೇನೆ. ಸಾಲುಗಳನ್ನು ಕಡಿಮೆ ಮಾಡಿದರೆ ನಿಧಾನವೇ ಕಾಣಲ್ಲ ಅಲ್ವಾ ಅಕ್ಕ, ಪೂರ್ತಿ ಟೇಬಲ್ ಇಡಲಾ?

---

ಮಡಿಕೇರಿ ಡಿಬಿಎ

ಪೂರ್ತಿ ಇಡಿ. ತೀರಾ ಚಿಕ್ಕ ಟೇಬಲ್ ಆದರೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಇದ್ದರೂ ಮುಟ್ಟದೇ ಇರಬಹುದು, ಹುಡುಗ ಸರಿಯಾಗಿ ಮಾಡಿದರೂ ತಪ್ಪಾಗಿ ಕಾಣುತ್ತದೆ. ಕಾಪಿ ಮಾಡಿದ ಮೇಲೆ `ANALYZE` ಒಂದು ಸಲ ಓಡಿಸಿಡಿ.